ಫ್ರೀ ಡೆಲಿವರಿ ಎಷ್ಟು ರೂಪಾಯಿ ಮೇಲೆ ಕೊಡಬೇಕು? ಒಂದು ಪುಡಿ ಅಂಗಡಿಯ ಲೆಕ್ಕ

ನಮ್ಮದು ಮನೆಯಲ್ಲೇ ಮಾಡಿದ ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ಮಾರುವ ಚಿಕ್ಕ ಆನ್‌ಲೈನ್ ಅಂಗಡಿ. ಮೊದಲು ಎಲ್ಲ ಆರ್ಡರ್‌ಗೂ ₹60 ಡೆಲಿವರಿ ಚಾರ್ಜ್ ಹಾಕುತ್ತಿದ್ದೆವು. ಆಮೇಲೆ "₹599ಕ್ಕೆ ಮೇಲ್ಪಟ್ಟು ಡೆಲಿವರಿ ಫ್ರೀ" ಅಂತ ಬೋರ್ಡ್ ಹಾಕಿದೆವು. ₹599 ಎಲ್ಲಿಂದ ಬಂತು ಅಂದರೆ, ಬೇರೆ ಅಂಗಡಿಗಳು ಅಷ್ಟೇ ಇಟ್ಟಿದ್ದವು, ಅಷ್ಟೇ. ಜನ ಜಾಸ್ತಿ ಕೊಳ್ಳಲು ಶುರು ಮಾಡಿದರು, ಒಂದು ಆರ್ಡರ್‌ನ ಸರಾಸರಿ ಮೊತ್ತ ಏರಿತು. ಆದರೆ ತಿಂಗಳ ಕೊನೆಗೆ ಕೊರಿಯರ್ ಬಿಲ್ ಕಟ್ಟಿದ ಮೇಲೆ ಕೈಯಲ್ಲಿ ಉಳಿದದ್ದು ಮೊದಲಿಗಿಂತ ಕಡಿಮೆ.

ಕಾರಣ ಗೊತ್ತಾಗಿದ್ದು ತಕ್ಕಡಿಯ ಮೇಲೆ. ನಾಲ್ಕು ಪ್ಯಾಕೆಟ್ ತುಂಬಿದ ಬಾಕ್ಸ್ 950 ಗ್ರಾಂ ತೂಗುತ್ತಿತ್ತು. ₹599 ದಾಟಲೆಂದು ಗಿರಾಕಿ ಐದನೇ ಪ್ಯಾಕೆಟ್ ಸೇರಿಸಿದರೆ ಅದು 1150 ಗ್ರಾಂ. ಕೊರಿಯರ್‌ನವರು 1 ಕೆಜಿ ದಾಟಿದ ತಕ್ಷಣ ಒಂದೂವರೆ ಕೆಜಿಯ ದರ ಹಾಕುತ್ತಾರೆ. ನಾವು ಡೆಲಿವರಿ ಚಾರ್ಜನ್ನೂ ಬಿಟ್ಟುಕೊಟ್ಟು, ಮೇಲೆ ಹೆಚ್ಚಿನ ಕೊರಿಯರ್ ದುಡ್ಡನ್ನೂ ಕಟ್ಟುತ್ತಿದ್ದೆವು. ಬುಟ್ಟಿ ದೊಡ್ಡದಾದಷ್ಟೂ ನಮಗೆ ನಷ್ಟ.

ಅಲ್ಲಿಂದ ಮುಂದೆ ಲೆಕ್ಕ ಹಾಕಿಯೇ ಮಿತಿ ಇಟ್ಟೆವು. ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಸುಲಭವಾಗಲಿ ಅಂತ ಸಂಖ್ಯೆಗಳನ್ನು ಸ್ವಲ್ಪ ದುಂಡು ಮಾಡಿದ್ದೇನೆ. ನಿಮ್ಮ ದರಗಳು ಬೇರೆ ಇರುತ್ತವೆ, ಆದರೆ ಲೆಕ್ಕದ ದಾರಿ ಇದೇ.

ಹಂತ 1: ಒಂದು ಪ್ಯಾಕೆಟ್‌ನಲ್ಲಿ ನಿಜವಾಗಿ ಎಷ್ಟು ಉಳಿಯುತ್ತದೆ?

ನಮ್ಮ 200 ಗ್ರಾಂ ಪ್ಯಾಕೆಟ್‌ನ ಬೆಲೆ ಸರಾಸರಿ ₹130. ಇದರಲ್ಲಿ 5% ಜಿಎಸ್‌ಟಿ ಸೇರಿದೆ, ಅದು ಸುಮಾರು ₹6. ಬ್ಯಾಡಗಿ ಮೆಣಸಿನಕಾಯಿ, ಧನಿಯ, ಬೇಳೆ, ಹುರಿಯುವ ಗ್ಯಾಸ್, ಮಿಲ್ ಕೂಲಿ, ಪೌಚ್, ಲೇಬಲ್, ಕೆಲಸದವರ ಸಂಬಳ ಎಲ್ಲ ಸೇರಿ ₹58. ಆನ್‌ಲೈನ್ ಪೇಮೆಂಟ್ ಕಂಪನಿಯವರು 2% ಮತ್ತು ಅದರ ಮೇಲೆ 18% ಜಿಎಸ್‌ಟಿ ಹಿಡಿಯುತ್ತಾರೆ, ಅದು ₹3. ಉಳಿದದ್ದು ₹63.

ಇದನ್ನು ಉಳಿಕೆ ಅಂತ ಕರೆಯೋಣ. ಬಹಳ ಜನ ಇಲ್ಲಿ ಮಾರಿದ ಬೆಲೆಯಲ್ಲಿ ಸಾಮಾನಿನ ಖರ್ಚು ಮಾತ್ರ ಕಳೆದು ₹72 ಅಂತ ಬರೆದುಕೊಳ್ಳುತ್ತಾರೆ. ₹9 ವ್ಯತ್ಯಾಸ ಚಿಕ್ಕದು ಅನ್ನಿಸಬಹುದು. ಆದರೆ ಮುಂದೆ ನಾವು ಹುಡುಕುವ ಲಾಭ ಒಂದು ಆರ್ಡರ್‌ಗೆ ₹7 ಇರುತ್ತದೆ ಕೆಲವು ಕಡೆ. ಹಾಗಾಗಿ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಇದಲ್ಲದೆ ಪ್ರತಿ ಆರ್ಡರ್‌ಗೂ ಬಾಕ್ಸ್, ಟೇಪ್, ಪ್ಯಾಕಿಂಗ್ ಕೆಲಸಕ್ಕೆ ₹20 ಖರ್ಚು. ಗಿರಾಕಿ ಕೊಡುವ ₹60 ಡೆಲಿವರಿ ಚಾರ್ಜ್ ಕೂಡ ಪೂರ್ತಿ ನಮ್ಮದಲ್ಲ. ಅದಕ್ಕೂ ಜಿಎಸ್‌ಟಿ ಮತ್ತು ಪೇಮೆಂಟ್ ಚಾರ್ಜ್ ಹೋಗಿ ₹56 ಉಳಿಯುತ್ತದೆ.

ಹಂತ 2: ತೂಕದ ಸ್ಲ್ಯಾಬ್ ನೋಡಿ

ನಮ್ಮ ದೇಶದಲ್ಲಿ ಪಾರ್ಸೆಲ್ ದರ ಸಾಮಾನ್ಯವಾಗಿ 500 ಗ್ರಾಂ ಲೆಕ್ಕದಲ್ಲಿ ಏರುತ್ತದೆ. ಊರೊಳಗೆ, ರಾಜ್ಯದೊಳಗೆ, ದೂರದ ರಾಜ್ಯ, ಈಶಾನ್ಯ ರಾಜ್ಯಗಳು ಮತ್ತು ಕಾಶ್ಮೀರ ಅಂತ ವಲಯಗಳಿಗೆ ಬೇರೆ ಬೇರೆ ದರ. ಕಳೆದ ಮೂರು ತಿಂಗಳ ಕೊರಿಯರ್ ಬಿಲ್ ತೆಗೆದು, ಪ್ರತಿ ಸ್ಲ್ಯಾಬ್‌ಗೂ ನೀವು ನಿಜವಾಗಿ ಕಟ್ಟಿದ ಸರಾಸರಿ ಹುಡುಕಿ. ದರಪಟ್ಟಿ ನೋಡಿದರೆ ಸಾಲದು. ಗಿರಾಕಿಗಳು ಬೆಂಗಳೂರಲ್ಲಿ ಎಷ್ಟು, ಪುಣೆ ದೆಹಲಿಯಲ್ಲಿ ಎಷ್ಟು ಅನ್ನುವುದು ಬಿಲ್‌ನಲ್ಲಿ ಮಾತ್ರ ಕಾಣುತ್ತದೆ. ನಮಗೆ ಬಂದ ಸರಾಸರಿ: 500 ಗ್ರಾಂವರೆಗೆ ₹55, 1 ಕೆಜಿವರೆಗೆ ₹90, ಒಂದೂವರೆ ಕೆಜಿವರೆಗೆ ₹125.

ಈಗ ಸಾಮಾನು ತುಂಬಿ ತೂಗಿ. ಬಾಕ್ಸ್, ಒಳಗಿನ ಪೇಪರ್, ಖಾಲಿ ಪೌಚ್‌ಗಳು ಎಲ್ಲ ಸೇರಿ ನಮಗೆ 150 ಗ್ರಾಂ. ಎರಡು ಪ್ಯಾಕೆಟ್ ಹಾಕಿದರೆ 550 ಗ್ರಾಂ, ಅಂದರೆ ಆಗಲೇ 1 ಕೆಜಿ ಸ್ಲ್ಯಾಬ್. ಪ್ಲಾಸ್ಟಿಕ್ ಕೊರಿಯರ್ ಬ್ಯಾಗಿನಲ್ಲಿ ಕಳಿಸಿದರೆ 500ರೊಳಗೆ ಬರುತ್ತದೆ, ಆದರೆ ಪೌಚ್ ಒಡೆದು ಮೆಣಸಿನ ಪುಡಿ ಚೆಲ್ಲುತ್ತದೆ. ಅದಕ್ಕೆ ಬಾಕ್ಸೇ ಗತಿ.

ಮುಖ್ಯ ವಿಷಯ ಇಲ್ಲಿದೆ. ಎರಡು ಪ್ಯಾಕೆಟ್‌ಗೂ ₹90, ಮೂರಕ್ಕೂ ₹90, ನಾಲ್ಕಕ್ಕೂ ₹90. ಅಂದರೆ ಎರಡು ಪ್ಯಾಕೆಟ್ ಹೋಗುವ ಬಾಕ್ಸಿನಲ್ಲಿ ಇನ್ನೆರಡರ ಜಾಗಕ್ಕೆ ನಾವು ಆಗಲೇ ದುಡ್ಡು ಕೊಟ್ಟಿದ್ದೇವೆ. ಆ ಖಾಲಿ ಜಾಗ ತುಂಬಿಸುವುದೇ ಫ್ರೀ ಡೆಲಿವರಿಯ ಕೆಲಸ. ಮಿತಿಯನ್ನು ಸ್ಲ್ಯಾಬ್ ತುಂಬುವ ಕಡೆ ಇಡಬೇಕು, ಸ್ಲ್ಯಾಬ್ ದಾಟುವ ಕಡೆ ಅಲ್ಲ. ಕೆಳಗಿನ ಪಟ್ಟಿಯಲ್ಲಿ ಉಳಿಕೆ ಅಂದರೆ ಪ್ಯಾಕೆಟ್‌ಗೆ ₹63ರಂತೆ ಬಂದದ್ದರಲ್ಲಿ ಪ್ಯಾಕಿಂಗ್‌ನ ₹20 ಮತ್ತು ಕೊರಿಯರ್ ಕಳೆದದ್ದು, ಚಾರ್ಜ್ ಹಾಕಿದರೆ ಅದಕ್ಕೆ ₹56 ಸೇರುತ್ತದೆ.

| ಪ್ಯಾಕೆಟ್ | ಬಿಲ್ | ತೂಕ | ಕೊರಿಯರ್ | ಚಾರ್ಜ್ ಹಾಕಿದರೆ ಉಳಿಕೆ | ಫ್ರೀ ಕೊಟ್ಟರೆ ಉಳಿಕೆ |
|---|---|---|---|---|---|
| 2 | ₹260 | 550 ಗ್ರಾಂ | ₹90 | ₹72 | ₹16 |
| 3 | ₹390 | 750 ಗ್ರಾಂ | ₹90 | ₹135 | ₹79 |
| 4 | ₹520 | 950 ಗ್ರಾಂ | ₹90 | ₹198 | ₹142 |
| 5 | ₹650 | 1150 ಗ್ರಾಂ | ₹125 | ₹226 | ₹170 |
| 6 | ₹780 | 1350 ಗ್ರಾಂ | ₹125 | ₹289 | ₹233 |

ಬಾಕ್ಸಿನ ಅಳತೆಯನ್ನೂ ನೋಡಿಕೊಳ್ಳಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ನಮ್ಮ 20×15×12 ಬಾಕ್ಸ್ 0.72 ಕೆಜಿ ಆಗುತ್ತದೆ, ತೊಂದರೆ ಇಲ್ಲ. ಅದೇ 25×20×12 ಬಾಕ್ಸ್ ತಂದರೆ 1.2 ಕೆಜಿ. ಒಳಗೆ ನಾಲ್ಕೇ ಪ್ಯಾಕೆಟ್ ಇದ್ದರೂ ಒಂದೂವರೆ ಕೆಜಿ ದರ ಬೀಳುತ್ತದೆ. ಹಪ್ಪಳ, ಸಂಡಿಗೆ ಮಾರುವವರು ಇದನ್ನು ಮೊದಲು ನೋಡಬೇಕು. ಅವರದು ಹಗುರ ಸಾಮಾನು, ದೊಡ್ಡ ಬಾಕ್ಸ್.

ಹಂತ 3: ನೂರು ಆರ್ಡರ್ ಎಣಿಸಿ

ಸರಾಸರಿ ಆರ್ಡರ್ ಮೊತ್ತ ತೆಗೆದು ಅದಕ್ಕೆ 20% ಸೇರಿಸಿ ಮಿತಿ ಇಡಿ ಅಂತ ಹೇಳುವವರು ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮದುವೆ ಮನೆಗೆ ಅಂತ ಯಾರೋ ಒಬ್ಬರು ₹6000 ಸಾಮಾನು ತೆಗೆದುಕೊಂಡರೆ ಸರಾಸರಿ ಮೇಲಕ್ಕೆ ಹಾರುತ್ತದೆ. ಆದರೆ ಆ ಸರಾಸರಿ ಮೊತ್ತಕ್ಕೆ ಕೊಳ್ಳುವ ಗಿರಾಕಿಯೇ ಇರುವುದಿಲ್ಲ.

ಅದರ ಬದಲು ಇತ್ತೀಚಿನ ನೂರು ಆರ್ಡರ್ ಶೀಟ್‌ಗೆ ಇಳಿಸಿಕೊಳ್ಳಿ. ಡೆಲಿವರಿ ಚಾರ್ಜ್ ಬಿಟ್ಟು, ಕೂಪನ್ ಕಳೆದ ಮೇಲಿನ ಮೊತ್ತ ಇರಲಿ. ಹೋಲ್‌ಸೇಲ್ ಮತ್ತು ಕ್ಯಾನ್ಸಲ್ ಆದವನ್ನು ತೆಗೆದುಹಾಕಿ. ಆಮೇಲೆ ಗುಂಪು ಮಾಡಿ ಎಣಿಸಿ. ನಮಗೆ ಬಂದದ್ದು ಹೀಗೆ: ಎರಡು ಪ್ಯಾಕೆಟ್ ಕೊಂಡವರು 58, ಮೂರು ಕೊಂಡವರು 26, ನಾಲ್ಕು ಕೊಂಡವರು 9, ಐದು ಕೊಂಡವರು 4, ಆರು ಕೊಂಡವರು 3. ಒಂದೇ ಪ್ಯಾಕೆಟ್‌ನ ಆರ್ಡರ್ ನಾವು ತೆಗೆದುಕೊಳ್ಳುವುದಿಲ್ಲ.

ಹಂತ 4: ಯಾರಿಗೆ ಸುಮ್ನೆ ಬಿಟ್ಟುಕೊಡುತ್ತೀರಿ, ಯಾರಿಂದ ಪಡೆಯುತ್ತೀರಿ?

ಯಾವ ಮಿತಿ ಇಟ್ಟರೂ ಅದನ್ನು ಮೊದಲೇ ದಾಟಿದವರು ಇರುತ್ತಾರೆ. ನೀವು ಏನೂ ಮಾಡದಿದ್ದರೂ ಅವರು ಅಷ್ಟು ಕೊಳ್ಳುತ್ತಿದ್ದರು, ಚಾರ್ಜೂ ಕೊಡುತ್ತಿದ್ದರು. ಈಗ ಅವರ ಆ ₹56 ಹೋಗುತ್ತದೆ. ಫ್ರೀ ಡೆಲಿವರಿಯ ನಿಜವಾದ ಖರ್ಚು ಇದೇ. ಇದನ್ನು ಮಿತಿ ಮುಟ್ಟಲು ಜಾಸ್ತಿ ಕೊಂಡವರಿಂದ ತುಂಬಿಕೊಳ್ಳಬೇಕು.

₹499 ಇಟ್ಟರೆ ನೋಡೋಣ. ಅದನ್ನು ದಾಟಲು ನಾಲ್ಕು ಪ್ಯಾಕೆಟ್ ಬೇಕು. ಮೊದಲೇ ದಾಟಿದವರು 16 ಜನ, ಅವರಿಂದ 16 × 56 = ₹896 ಹೋಯಿತು. ಎರಡು ಪ್ಯಾಕೆಟ್‌ನವರು ನಾಲ್ಕಕ್ಕೆ ಬಂದರೆ ಉಳಿಕೆ ₹72ರಿಂದ ₹142 ಆಗುತ್ತದೆ, ತಲೆಗೆ ₹70 ಲಾಭ. ಮೂರು ಪ್ಯಾಕೆಟ್‌ನವರು ನಾಲ್ಕಕ್ಕೆ ಬಂದರೆ ಬರೀ ₹7. ಮೂರರವರನ್ನು ಬಿಟ್ಟೇ ಲೆಕ್ಕ ಹಾಕೋಣ. ಶೀಟ್‌ನಲ್ಲಿ ಬಿ ಕಾಲಂನಲ್ಲಿ ಮೊತ್ತ ಇದ್ದರೆ ಹೀಗೆ ಬರೆಯಬಹುದು:

```
=ROUNDUP(COUNTIF(B2:B101,">=499")*56/70,0)
```

ಉತ್ತರ 13. ಎರಡು ಪ್ಯಾಕೆಟ್ ಕೊಳ್ಳುವ 58 ಜನರಲ್ಲಿ 13 ಜನ ನಾಲ್ಕಕ್ಕೆ ಬಂದರೆ ಲೆಕ್ಕ ಸಮ, ಅದಕ್ಕಿಂತ ಮೇಲಿನವರೆಲ್ಲ ಲಾಭ. ನಾಲ್ಕೈದು ಜನರಲ್ಲಿ ಒಬ್ಬರು ಬರುವುದು ಆಗದ ಮಾತಲ್ಲ.

₹299 ಇಟ್ಟಿದ್ದರೆ? ಮೊದಲೇ ದಾಟಿದವರು 42 ಜನ, ಹೋಗುವುದು ₹2352. ಎರಡರಿಂದ ಮೂರಕ್ಕೆ ಬಂದವರಿಂದ ತಲೆಗೆ ₹7 ಬರುತ್ತದೆ. ತುಂಬಿಕೊಳ್ಳಲು 336 ಜನ ಬೇಕು, ಇರುವವರು 58! ಇಷ್ಟು ಕಡಿಮೆ ಮಿತಿ ಇಟ್ಟ ಅಂಗಡಿಯಲ್ಲಿ ಆರ್ಡರ್ ಚೆನ್ನಾಗಿಯೇ ಬರುತ್ತದೆ, ದುಡ್ಡು ಮಾತ್ರ ನಿಲ್ಲುವುದಿಲ್ಲ.

ನಮ್ಮ ಹಳೆಯ ₹599ರ ಕಥೆಯೂ ಈಗ ಪಟ್ಟಿಯಲ್ಲೇ ಕಾಣುತ್ತದೆ. ಚಾರ್ಜ್ ಕೊಟ್ಟು ನಾಲ್ಕು ಕೊಳ್ಳುತ್ತಿದ್ದವರಿಂದ ₹198 ಉಳಿಯುತ್ತಿತ್ತು. ಅವರು ಫ್ರೀ ಡೆಲಿವರಿಗಾಗಿ ಐದಕ್ಕೆ ಬಂದಾಗ ಉಳಿದದ್ದು ₹170. ನಮ್ಮ ಮಾತು ಕೇಳಿ ನಾಲ್ಕರಿಂದ ಐದಕ್ಕೆ ಬಂದ ಪ್ರತಿ ಗಿರಾಕಿಯಿಂದಲೂ ₹28 ಕಳೆದುಕೊಂಡೆವು. ಎರಡು ಪ್ಯಾಕೆಟ್‌ನವರಿಗೆ ₹599 ತೀರಾ ದೂರ, ಅವರು ಅಲುಗಾಡಲೇ ಇಲ್ಲ. ₹749ಕ್ಕೆ ಹೋದರೆ ಸ್ಲ್ಯಾಬ್ ತುಂಬುತ್ತದೆ ನಿಜ, ಆದರೆ ಅದರ ಹತ್ತಿರ ಇರುವ ಗಿರಾಕಿಗಳೇ ಬೆರಳೆಣಿಕೆ.

ಇನ್ನೊಂದು ಮಾತು. ನಿಮ್ಮ ನೂರು ಆರ್ಡರ್‌ನಲ್ಲಿ ಮೂವತ್ತು ನಲವತ್ತು ಜನ ಆಗಲೇ ನಾಲ್ಕು ಪ್ಯಾಕೆಟ್ ಕೊಳ್ಳುತ್ತಿದ್ದರೆ ₹499 ನಿಮಗೆ ಹೊಂದುವುದಿಲ್ಲ. ದರ ಅದೇ ಇದ್ದರೂ ಉತ್ತರ ಬೇರೆಯಾಗುತ್ತದೆ. ಅದಕ್ಕೇ ಬೇರೆಯವರ ಮಿತಿ ನೋಡಿ ಇಡಬೇಡಿ ಅನ್ನುವುದು.

ಹಂತ 5: ಮಿತಿಗೂ ಬುಟ್ಟಿಗೂ ನಡುವಿನ ಅಂತರ

ಮೂರು ಪ್ಯಾಕೆಟ್‌ನವರ ಬಿಲ್ ₹390. ₹499ಕ್ಕೆ ₹109 ಬೇಕು. ನಮ್ಮಲ್ಲಿ ಅತಿ ಕಡಿಮೆ ಬೆಲೆಯದು ಶೇಂಗಾ ಚಟ್ನಿ ಪುಡಿ, ₹110. ಸರಿಹೋಯಿತು. ಅದು ₹95 ಇದ್ದಿದ್ದರೆ ಗಿರಾಕಿ ಒಂದು ಸೇರಿಸಿದ ಮೇಲೂ ಇನ್ನೂ ₹14 ಬೇಕು ಅಂತ ತೋರಿಸುತ್ತಿತ್ತು. ಆ ₹14 ನೋಡಿ ಬೇಜಾರಾಗಿ ಬುಟ್ಟಿ ಬಿಟ್ಟು ಹೋಗುವವರು ಬಹಳ. ನಿಮ್ಮ ಸಾಮಾನ್ಯ ಬುಟ್ಟಿಗಳಿಗೆ ಒಂದೊಂದು ವಸ್ತು ಸೇರಿಸಿ ನೋಡಿ, ಮಿತಿಯ ಕೆಳಗೆ ಸ್ವಲ್ಪದರಲ್ಲಿ ನಿಲ್ಲುವಂತಿದ್ದರೆ ಮಿತಿಯನ್ನು ಹತ್ತಿಪ್ಪತ್ತು ರೂಪಾಯಿ ಸರಿಸಿ.

ಬುಟ್ಟಿಯ ಪುಟದಲ್ಲೇ "ಇನ್ನು ₹109ಕ್ಕೆ ತೆಗೆದುಕೊಂಡರೆ ಡೆಲಿವರಿ ಫ್ರೀ" ಅಂತ ತೋರಿಸಿ. ಪಕ್ಕದಲ್ಲಿ ಯಾವ ವಸ್ತು ತೋರಿಸುತ್ತೀರಿ ಅನ್ನುವುದು ತುಂಬಾ ಮುಖ್ಯ. ಇದು ನನಗೆ ಅರ್ಥವಾಗಲು ಅರ್ಧ ವರ್ಷ ಹಿಡಿಯಿತು.

ಸಾರಿನ ಪುಡಿ ತಿಂಗಳಿಗೆ ಎಷ್ಟು ಖರ್ಚಾಗಬೇಕೋ ಅಷ್ಟೇ ಖರ್ಚಾಗುತ್ತದೆ. ಎರಡು ಪ್ಯಾಕೆಟ್ ಕೊಳ್ಳುತ್ತಿದ್ದವರು ಫ್ರೀ ಡೆಲಿವರಿಗಾಗಿ ಅದೇ ಪುಡಿ ನಾಲ್ಕು ತೆಗೆದುಕೊಂಡರೆ ಮುಂದಿನ ಆರ್ಡರ್ ಎರಡು ಪಟ್ಟು ತಡವಾಗಿ ಬರುತ್ತದೆ. ಮೊದಲು ಎರಡು ಸಲ ಎರಡೆರಡು ಕೊಂಡಾಗ ನಮಗೆ ₹144 ಉಳಿಯುತ್ತಿತ್ತು. ಈಗ ಒಂದು ಸಲ ನಾಲ್ಕು ಕೊಂಡಾಗ ₹142. ಅಂದರೆ ನಾವು ₹70 ಲಾಭ ಅಂದುಕೊಂಡದ್ದು ಲಾಭವೇ ಅಲ್ಲ, ಮುಂದಿನ ಆರ್ಡರ್ ಮುಂಚೆ ಬಂತು ಅಷ್ಟೇ.

ಹಾಗಾಗಿ ಸಾರಿನ ಪುಡಿ, ಹುಳಿ ಪುಡಿ ಬುಟ್ಟಿಯಲ್ಲಿದ್ದರೆ ವಾಂಗೀಬಾತ್ ಪುಡಿ, ಬಿಸಿಬೇಳೆಬಾತ್ ಪುಡಿ ಅಥವಾ ಅಗಸೆ ಚಟ್ನಿ ಪುಡಿ ತೋರಿಸಿ. ಅವರು ಇನ್ನೂ ನಮ್ಮಿಂದ ಕೊಳ್ಳದೇ ಇರುವ ಪುಡಿ ಹೋದರೆ ಅದು ನಿಜವಾಗಿ ಹೊಸ ಮಾರಾಟ. ಇದೇ ಕಾರಣಕ್ಕೆ ನಾಲ್ಕು ಬೇರೆ ಬೇರೆ ಪುಡಿಗಳ ₹520ರ ಕಟ್ಟನ್ನು ಅಂಗಡಿಯ ಮೊದಲ ಪುಟದಲ್ಲೇ ಇಟ್ಟೆವು.

ಹಂತ 6: ಸೋರುವ ಕಡೆಗಳನ್ನು ಮುಚ್ಚಿ

ಭಾರದ, ಕಡಿಮೆ ಲಾಭದ ಸಾಮಾನು ಫ್ರೀ ಡೆಲಿವರಿಗೆ ಸೇರಬಾರದು. ನಾವು ಬೆಲ್ಲವನ್ನೂ ಮಾರುತ್ತೇವೆ, ಕೆಜಿಗೆ ₹110. ಯಾರಾದರೂ ಐದು ಕೆಜಿ ಬೆಲ್ಲ ತೆಗೆದುಕೊಂಡರೆ ₹550 ಆಗಿ ಮಿತಿ ದಾಟುತ್ತದೆ. ಬಾಕ್ಸ್ ಸೇರಿ ಐದೂವರೆ ಕೆಜಿಯ ಕೊರಿಯರ್ ದರವೇ ಬೆಲ್ಲದ ಬೆಲೆಯ ಬಹುಪಾಲನ್ನು ತಿಂದುಬಿಡುತ್ತದೆ. ಬೆಲ್ಲ, ತುಪ್ಪ, ಕಾಫಿ ಪುಡಿಯಂಥದ್ದಕ್ಕೆ ಪ್ರತ್ಯೇಕ ಚಾರ್ಜ್ ಇರಲಿ, ಅದನ್ನು ಬೋರ್ಡ್‌ನಲ್ಲೇ ಬರೆಯಿರಿ.

ಕೂಪನ್ ಕಳೆದ ಮೇಲಿನ ಮೊತ್ತಕ್ಕೆ ಮಿತಿ ಅನ್ವಯವಾಗಬೇಕು. ₹520ರ ಮೇಲೆ 10% ಕೂಪನ್ ಹಾಕಿದರೆ ₹468 ಆಗುತ್ತದೆ. ಆಗಲೂ ಡೆಲಿವರಿ ಫ್ರೀ ಅಂದರೆ ₹142ರಲ್ಲಿ ಸುಮಾರು ₹48 ಹೋಗುತ್ತದೆ. ವೂಕಾಮರ್ಸ್ ಬಳಸುವವರು ಶಿಪ್ಪಿಂಗ್ ಝೋನ್‌ನಲ್ಲಿ `Free shipping` ಸೇರಿಸಿ, `A minimum order amount` ಆರಿಸಿ 499 ಹಾಕಿ. ಕೂಪನ್‌ಗೆ ಮೊದಲಿನ ಮೊತ್ತ ನೋಡುವ `Apply minimum order rule before coupon discount` ಗೆ ಟಿಕ್ ಹಾಕಬೇಡಿ.

ಇನ್ನು ಕ್ಯಾಶ್ ಆನ್ ಡೆಲಿವರಿ. ಗಿರಾಕಿ ಬಾಗಿಲಲ್ಲಿ ಬೇಡ ಅಂದರೆ ಪಾರ್ಸೆಲ್ ವಾಪಸ್ ಬರುತ್ತದೆ. ಹೋಗುವ ₹90, ಬರುವ ಸುಮಾರು ಅಷ್ಟೇ, ಪ್ಯಾಕಿಂಗ್ ₹20, ಒಟ್ಟು ₹200. ಒಂದು ವಾಪಸ್ ಪಾರ್ಸೆಲ್ ಒಂದು ನಾಲ್ಕು ಪ್ಯಾಕೆಟ್ ಆರ್ಡರ್‌ನ ಲಾಭವನ್ನೂ ತಿಂದು ಇನ್ನೂ ಮುಂದೆ ಹೋಗುತ್ತದೆ. ನಾವು ಮುಂಗಡ ಪೇಮೆಂಟ್‌ಗೆ ಮಾತ್ರ ಡೆಲಿವರಿ ಫ್ರೀ ಇಟ್ಟಿದ್ದೇವೆ. ಯುಪಿಐ ಇರುವುದರಿಂದ ಇದಕ್ಕೆ ಗಿರಾಕಿಗಳು ಅಷ್ಟೇನೂ ತಕರಾರು ಮಾಡಲಿಲ್ಲ.

ಈಶಾನ್ಯ ರಾಜ್ಯ, ಕಾಶ್ಮೀರದಂಥ ದೂರದ ವಲಯಕ್ಕೆ ಬೇರೆ ಝೋನ್ ಮಾಡಿ, ಅಲ್ಲಿಗೆ ಹೆಚ್ಚಿನ ಮಿತಿ ಇಡಬಹುದು.

ಹಂತ 7: ಆರು ವಾರ ಬಿಟ್ಟು ನೋಡಿ

ಯುಗಾದಿ, ದಸರಾ, ದೀಪಾವಳಿ ಇಲ್ಲದ ಆರು ವಾರ ಆರಿಸಿಕೊಳ್ಳಿ. ಹಬ್ಬದಲ್ಲಿ ಜನ ಹೇಗೂ ಜಾಸ್ತಿ ಕೊಳ್ಳುತ್ತಾರೆ, ಅದು ಮಿತಿಯ ಪ್ರಭಾವವೋ ಹಬ್ಬದ್ದೋ ಗೊತ್ತಾಗುವುದಿಲ್ಲ. ಸರಾಸರಿ ಆರ್ಡರ್ ಮೊತ್ತ ಏರಿತಾ ಅಂತ ನೋಡಬೇಡಿ, ಅದು ಏರಿಯೇ ಏರುತ್ತದೆ. ಅಂಗಡಿಗೆ ಬಂದ ಪ್ರತಿ ಸಾವಿರ ಜನರಿಗೆ ಒಟ್ಟು ಎಷ್ಟು ಉಳಿಕೆ ಬಂತು ಅಂತ ಹಿಂದಿನ ಆರು ವಾರದ ಜೊತೆ ಹೋಲಿಸಿ. ಫ್ರೀ ಡೆಲಿವರಿ ನೋಡಿ ಹೊಸಬರು ಕೊಂಡಿದ್ದರೆ ಅದೂ ಇದರಲ್ಲಿ ಸೇರಿಕೊಳ್ಳುತ್ತದೆ, ಚಾರ್ಜ್ ನೋಡಿ ವಾಪಸ್ ಹೋದವರೂ ಸೇರುತ್ತಾರೆ.

ಜೊತೆಗೆ ಮತ್ತೆ ನೂರು ಆರ್ಡರ್ ಎಣಿಸಿ. ನಾಲ್ಕು ಪ್ಯಾಕೆಟ್‌ನವರು ಹೆಚ್ಚಾಗಿ ಎರಡರವರು ಕಡಿಮೆಯಾಗಿದ್ದರೆ ಮಿತಿ ಕೆಲಸ ಮಾಡುತ್ತಿದೆ. ಎರಡರವರು ಹಾಗೆಯೇ ಇದ್ದು ಐದು ಆರರವರು ನಾಲ್ಕಕ್ಕೆ ಇಳಿದಿದ್ದರೆ, ಜನ ಮಿತಿ ಮುಟ್ಟಿ ಸಾಕು ಅಂತ ನಿಲ್ಲಿಸುತ್ತಿದ್ದಾರೆ ಅಂತ ಅರ್ಥ. ಆಗ ಆರು ಪ್ಯಾಕೆಟ್‌ನ ಕಟ್ಟಿಗೆ ಬೇರೆ ಏನಾದರೂ ಕೊಡಬೇಕು, 50 ಗ್ರಾಂ ಸ್ಯಾಂಪಲ್ ಪುಡಿ ಹಾಕಬಹುದು. ಆರರ ಬಾಕ್ಸ್ 1350 ಗ್ರಾಂ, ಇನ್ನೂ 150 ಗ್ರಾಂ ಜಾಗ ಇದೆ.

ಮೂರು ತಿಂಗಳಾದ ಮೇಲೆ ಹಳೆಯ ಗಿರಾಕಿಗಳು ಎಷ್ಟು ದಿನಕ್ಕೊಮ್ಮೆ ಬರುತ್ತಿದ್ದಾರೆ ಅಂತ ನೋಡಿ. 40 ದಿನಕ್ಕೆ ಬರುತ್ತಿದ್ದವರು 80 ದಿನಕ್ಕೆ ಬಂದರೆ ಐದನೇ ಹಂತಕ್ಕೆ ವಾಪಸ್ ಹೋಗಿ, ಬುಟ್ಟಿಯ ಪಕ್ಕ ತೋರಿಸುವ ಪುಡಿ ಬದಲಿಸಿ.

ಕೊರಿಯರ್‌ನವರು ದರ ಬದಲಿಸಿದಾಗ, ನೀವು ಬಾಕ್ಸ್ ಬದಲಿಸಿದಾಗ, ಪ್ಯಾಕೆಟ್ 200ರಿಂದ 250 ಗ್ರಾಂ ಮಾಡಿದಾಗ ಎರಡನೇ ಹಂತದ ಪಟ್ಟಿಯನ್ನು ಮತ್ತೆ ಬರೆಯಿರಿ. 250 ಗ್ರಾಂನ ನಾಲ್ಕು ಪ್ಯಾಕೆಟ್ ಬಾಕ್ಸಿನೊಂದಿಗೆ 1150 ಗ್ರಾಂ ಆಗುತ್ತದೆ. ಆಗ ₹499ರ ಮಿತಿಯೂ ಸ್ಲ್ಯಾಬಿನ ತಪ್ಪು ಬದಿಗೆ ಬಂದುಬಿಡುತ್ತದೆ.